ಫ್ರೆಂಚ್‌ನಲ್ಲಿ ಸಬ್ಜಂಕ್ಟಿವ್ ಎಲ್ಲಿ ಬೇಕೇ ಬೇಕು, ಎಲ್ಲಿ ಇನ್ಫಿನಿಟಿವ್ ಸಾಕು?

ಪ್ರಶ್ನೆ: ಬಿ1 ಪರೀಕ್ಷೆಗೆ ಓದ್ತಾ ಇದ್ದೀನಿ. ‘ಅಂತ’ ಅನ್ನೋ ಅರ್ಥದ ‘ಕ’ ಬಂದ ಕಡೆಯೆಲ್ಲ ಸಬ್ಜಂಕ್ಟಿವ್ ಹಾಕಬೇಕಾ? ಇನ್ಫಿನಿಟಿವ್ ಬಳಸಿ ತಪ್ಪಿಸಿಕೊಳ್ಳೋಕೆ ಆಗಲ್ವಾ?

ಉತ್ತರ:

ಎಲ್ಲ ಕಡೆ ಹಾಕಬೇಕಾಗಿಲ್ಲ. ಅನೇಕ ಕಡೆ ತಪ್ಪಿಸಿಕೊಳ್ಳಲೂ ಆಗುತ್ತೆ. (ಉದಾಹರಣೆಗಳನ್ನು ಕಿವಿಗೆ ಕೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ.)

ಮೊದಲು ‘ಕ’ದ ಹಿಂದೆ ಏನಿದೆ ನೋಡಿ. ಬಯಕೆ, ಸಂತೋಷ, ಬೇಸರ, ಭಯ, ಅಗತ್ಯ ಇದ್ದರೆ ಸಬ್ಜಂಕ್ಟಿವ್. ‘ನನಗೆ ಗೊತ್ತು’, ‘ನನಗನಿಸುತ್ತೆ’ ಎಂಬಂಥದ್ದು ಇದ್ದರೆ ಮಾಮೂಲಿ ಇಂಡಿಕೇಟಿವ್. ‘ಜೆಸ್ಪೇರ್ ಕ’, ಅಂದರೆ ‘ಆಶಿಸುತ್ತೇನೆ’, ಬಯಕೆಯಂತೆ ಕಂಡರೂ ಇಂಡಿಕೇಟಿವ್ ಗುಂಪಿಗೇ ಸೇರುತ್ತೆ. ಇದನ್ನು ಬಾಯಿಪಾಠ ಮಾಡಿಬಿಡಿ.

ಸಬ್ಜಂಕ್ಟಿವ್ ಬೇಕು ಅಂತ ಖಚಿತವಾದ ಮೇಲೆ ಎರಡನೇ ಪ್ರಶ್ನೆ: ಎರಡೂ ಕ್ರಿಯಾಪದಗಳ ಕರ್ತೃ ಒಬ್ಬರೇನಾ? ಒಬ್ಬರೇ ಆಗಿದ್ದರೆ ‘ಕ’ ಬಿಟ್ಟು ಇನ್ಫಿನಿಟಿವ್ ಹಾಕಿ. ‘ನಾನು ಹೊರಡಬೇಕು ಅಂತಿದ್ದೇನೆ’ ಎನ್ನಲು ‘ಜ ವ ಪಾರ್ತೀರ್’. ‘ನೀನು ಹೊರಡಬೇಕು ಅಂತ ನನ್ನಾಸೆ’ ಎನ್ನಲು ‘ಜ ವ ಕ ತು ಪಾರ್ತ್’. ಕನ್ನಡದಲ್ಲಿ ‘ಅಂತ’ ಎರಡೂ ಕಡೆ ನಡೆಯುತ್ತೆ, ಹಾಗಾಗಿ ನಮ್ಮವರು ‘ಜ ವ ಕ ಜ ಪಾರ್ತ್’ ಎಂದುಬಿಡುತ್ತಾರೆ. ಅದು ಫ್ರೆಂಚ್‌ನಲ್ಲಿ ತಪ್ಪು. ಇಲ್ಲಿ ಇನ್ಫಿನಿಟಿವ್ ಬರೀ ಸುಲಭದ ದಾರಿಯಲ್ಲ, ಅದೇ ನಿಯಮ.

ಭಾವನೆಯ ಮಾತುಗಳಲ್ಲಿ ನಡುವೆ ‘ದ’ ಸೇರಿಸಬೇಕು. ನೀನಿರುವುದು ನನಗೆ ಖುಷಿ: ‘ಜ ಸ್ವಿ ಕೋಂತಾಂ ಕ ತು ಸ್ವಾ ಲಾ’. ನಾನೇ ಇಲ್ಲಿರುವುದು ನನಗೆ ಖುಷಿ: ‘ಜ ಸ್ವಿ ಕೋಂತಾಂ ದೆತ್ರ್ ಲಾ’. ‘ಬಯಸುತ್ತೇನೆ’ ಎನ್ನುವ ‘ವ’ದ ನಂತರ ಮಾತ್ರ ಈ ‘ದ’ ಬರಬಾರದು.

ಹೆಚ್ಚು ಎಡವುವ ಜಾಗ ‘ಮೊದಲು’. ಕನ್ನಡದಲ್ಲಿ ‘ಹೊರಡುವ ಮೊದಲು ನಿನಗೆ ಫೋನ್ ಮಾಡ್ತೀನಿ’ ಅಂದರೆ ಹೊರಡುವುದು ನಾನೂ ಆಗಬಹುದು, ನೀನೂ ಆಗಬಹುದು, ಸಂದರ್ಭ ಹೇಳುತ್ತೆ. ಫ್ರೆಂಚ್‌ನಲ್ಲಿ ‘ಜ ತಾಪೆಲ್ರೆ ಅವಾಂ ದ ಪಾರ್ತೀರ್’ ಎಂದರೆ ಹೊರಡುವವನು ನಾನೇ. ನೀನು ಹೊರಡುವುದಾದರೆ ‘ಜ ತಾಪೆಲ್ರೆ ಅವಾಂ ಕ ತು ಪಾರ್ತ್’ ಎನ್ನಬೇಕು. ಇಲ್ಲಿ ಇನ್ಫಿನಿಟಿವ್ ಹಾಕಿದರೆ ವಾಕ್ಯ ವ್ಯಾಕರಣಕ್ಕೆ ಸರಿಯಾಗಿಯೇ ಇರುತ್ತೆ, ಅರ್ಥ ಮಾತ್ರ ಬದಲಾಗಿರುತ್ತೆ. ಕೇಳಿದವರಿಗೆ ತಪ್ಪು ಅನಿಸುವುದೇ ಇಲ್ಲ, ಹಾಗಾಗಿ ಯಾರೂ ತಿದ್ದುವುದಿಲ್ಲ. ಸಬ್ಜಂಕ್ಟಿವ್ ರೂಪ ನಾಲಿಗೆಗೆ ಬರದಿದ್ದರೆ ನಾಮಪದದ ಮೊರೆ ಹೋಗಿ: ‘ಅವಾಂ ತೋಂ ದೆಪಾರ್’, ನಿನ್ನ ಹೊರಡುವಿಕೆಗೆ ಮೊದಲು. ಇದು ಸಹಜ ಫ್ರೆಂಚೇ. ‘ಆಗಲೆಂದು’ ಎನ್ನುವ ‘ಪೂರ್ ಕ’ಕ್ಕೆ ‘ಪೂರ್’, ‘ಆಗದೆ’ ಎನ್ನುವ ‘ಸಾಂ ಕ’ಕ್ಕೆ ‘ಸಾಂ’ ಜೋಡಿಯೂ ಹೀಗೇ ಕರ್ತೃವನ್ನು ನೋಡಿ ಬದಲಾಗುತ್ತೆ. ‘ನಂತರ’ ಎನ್ನುವ ‘ಆಪ್ರೆ ಕ’ಕ್ಕೆ ಮಾತ್ರ ವ್ಯಾಕರಣದ ಪ್ರಕಾರ ಇಂಡಿಕೇಟಿವ್, ಫ್ರೆಂಚರೇ ಅನೇಕರು ಅಲ್ಲಿ ಸಬ್ಜಂಕ್ಟಿವ್ ಹಾಕುವುದು ಕೇಳಿಸುತ್ತೆ, ಪರೀಕ್ಷೆಯಲ್ಲಿ ನೀವು ಹಾಕಬೇಡಿ.

ಕರ್ತೃ ಬೇರೆಯಾದರೂ ಇನ್ಫಿನಿಟಿವ್ ಒಪ್ಪುವ ಕ್ರಿಯಾಪದಗಳೂ ಇವೆ. ಕೇಳಿಕೊಳ್ಳುವುದು, ಹೇಳುವುದು, ಅನುಮತಿಸುವುದು, ತಡೆಯುವುದು ಇಂಥವು. ಯಾರಿಗೆ ಹೇಳುತ್ತಿದ್ದೇವೋ ಅವರನ್ನು ಮುಖ್ಯ ಕ್ರಿಯಾಪದದ ಜತೆಗೆ ಇಟ್ಟರಾಯಿತು: ‘ಜ ತ ದಮಾಂದ್ ದ ಪಾರ್ತೀರ್’, ಹೊರಡು ಅಂತ ನಿನ್ನನ್ನು ಕೇಳಿಕೊಳ್ಳುತ್ತೇನೆ. ಈ ಅಚ್ಚನ್ನು ‘ವ’ಕ್ಕೆ ಹಾಕಬೇಡಿ. ‘ಜ ತ ವ ಪಾರ್ತೀರ್’ ಎನ್ನುವುದು ಇಂಗ್ಲಿಷ್ ವಾಕ್ಯದ ನೆರಳು, ಫ್ರೆಂಚ್‌ನಲ್ಲಿ ನಡೆಯದು.

‘ಇಲ್ ಫೋ’, ಅಂದರೆ ‘ಬೇಕು’, ಜತೆ ಇನ್ನೊಂದು ಸೂಕ್ಷ್ಮ ಇದೆ. ‘ಇಲ್ ಫೋ ಪಾರ್ತೀರ್’ ಎಂದರೆ ಹೊರಡಬೇಕು, ಯಾರು ಅಂತ ಹೇಳಿಲ್ಲ. ಎಲ್ಲರೂ ಒಟ್ಟಿಗೆ ಇರುವಾಗ ಇಷ್ಟೇ ಸಾಕು. ‘ನೀನು’ ಎಂದು ಬೊಟ್ಟು ಮಾಡಬೇಕಾದರೆ ‘ಇಲ್ ಫೋ ಕ ತು ಪಾರ್ತ್’, ಇಲ್ಲವೇ ‘ತು ದ್ವಾ ಪಾರ್ತೀರ್’. ಎರಡನೆಯದರಲ್ಲಿ ಸಬ್ಜಂಕ್ಟಿವ್ ತಪ್ಪುತ್ತೆ.

ತಪ್ಪಿಸಿಕೊಳ್ಳಲಾಗದ್ದು ‘ಬ್ಯಾಂ ಕ’, ಅಂದರೆ ‘ಆದರೂ’. ಕರ್ತೃ ಒಬ್ಬರೇ ಆದರೂ ಇದಕ್ಕೆ ಇನ್ಫಿನಿಟಿವ್ ಜೋಡಿಯೇ ಇಲ್ಲ: ‘ಬ್ಯಾಂ ಕ ಜ ಸ್ವಾ ಮಾಲಾದ್, ಜ ತ್ರಾವಾಯ್’, ಕಾಯಿಲೆಯಿದ್ದರೂ ಕೆಲಸ ಮಾಡ್ತೀನಿ. ‘ಪುರ್ವ್ಯು ಕ’ ಎಂಬ ‘...ಆದರೆ ಸಾಕು’ ಕೂಡ ಹೀಗೇ. ಇವೆರಡಕ್ಕಾಗಿಯಾದರೂ ರೂಪಗಳನ್ನು ಕಲಿಯಲೇಬೇಕು. ‘ಎರ್’ ಕ್ರಿಯಾಪದಗಳಲ್ಲಿ ‘ನಾನು’, ‘ನೀನು’, ‘ಅವನು’, ‘ಅವರು’ ರೂಪಗಳು ಇಂಡಿಕೇಟಿವ್, ಸಬ್ಜಂಕ್ಟಿವ್ ಎರಡರಲ್ಲೂ ಒಂದೇ ಥರ ಕೇಳಿಸುತ್ತವೆ, ತಪ್ಪಿದರೂ ಗೊತ್ತಾಗದು; ಬೇರೆಯಾಗುವುದು ‘ನಾವು’ ಎನ್ನುವ ‘ನೂ’, ‘ನೀವು’ ಎನ್ನುವ ‘ವೂ’ ಜತೆ ಮಾತ್ರ. ಆದ್ದರಿಂದ ಮೊದಲು ಎತ್ರ್, ಆವ್ವಾರ್, ಆಲೇ, ಫೇರ್, ಪೂವ್ವಾರ್ ಈ ಐದನ್ನು ಗಟ್ಟಿ ಮಾಡಿ. ತಪ್ಪು ಕಿವಿಗೆ ಬಡಿಯುವುದು ಇಲ್ಲೇ.