ನೀಟ್ ಪರೀಕ್ಷೆಗೆ ತುಂಬು ತೋಳು, ಶೂ ಯಾಕೆ ಬೇಡ?

ಪ್ರಶ್ನೆ: ಮಡಿಕೇರಿಯ ಚಳಿ, ಮಳೆಗೆ ತುಂಬು ತೋಳಿನ ಬಟ್ಟೆ, ಶೂ ಇಲ್ಲದೆ ಹೇಗೆ? ನೀಟ್‌ಗೆ ಯಾಕೆ ಬೇಡ ಅಂತಾರೆ? ಬುರ್ಖಾ ಹಾಕುವವರು ಏನು ಮಾಡಬೇಕು?

ಉತ್ತರ: ನಕಲಿಗೆ ಬಳಸುವ ಸಾಧನ ಬಟ್ಟೆಯೊಳಗೇ ಅಡಗುತ್ತದೆ, ಅದಕ್ಕೆ. ಕಿವಿಯೊಳಗೆ ಕೂರುವ ಇಯರ್‌ಪೀಸ್ ಕಾಳಿನಷ್ಟು ಚಿಕ್ಕದು, ಹೊರಗೆ ಕಾಣುವುದೇ ಇಲ್ಲ. ಆದರೆ ಅದಕ್ಕೆ ಸದ್ದು ಕಳಿಸುವ ವೈರು, ಬ್ಲೂಟೂತ್ ಸಾಧನ ಮೈಮೇಲೆ ಎಲ್ಲಾದರೂ ಇರಲೇಬೇಕು. ಉದ್ದ ತೋಳು, ದಪ್ಪ ಅಟ್ಟೆ ಅದಕ್ಕೆ ಒಳ್ಳೆಯ ಜಾಗ. 2021ರಲ್ಲಿ ರಾಜಸ್ಥಾನದ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಚಪ್ಪಲಿಯೊಳಗೇ ಬ್ಲೂಟೂತ್ ಸಿಕ್ಕಿತ್ತು.

ಒಡವೆಯ ಕಥೆ ಬೇರೆ. ಮೆಟಲ್ ಡಿಟೆಕ್ಟರ್‌ಗೆ ಲೋಹ ಇದೆ ಅಂತ ಮಾತ್ರ ಗೊತ್ತಾಗುತ್ತದೆ. ಓಲೆಗೂ ಸಾಧನಕ್ಕೂ ಒಂದೇ ಥರ ಕೂಗುತ್ತದೆ. ಹಾಗಾಗಿ ಓಲೆ, ಸರ, ಬಳೆ ಮನೆಯಲ್ಲೇ ಬಿಡಿ. ದೊಡ್ಡ ಲೋಹದ ಗುಂಡಿಯ ಬಟ್ಟೆಯೂ ಬೇಡ.

ಬುರ್ಖಾ, ಹಿಜಾಬ್, ಸಿಖ್ಖರ ಪೇಟಕ್ಕೆ ನೀಟ್‌ನಲ್ಲಿ ತಡೆ ಇಲ್ಲ. ತಪಾಸಣೆಗೆ ಜಾಸ್ತಿ ಹೊತ್ತು ಹಿಡಿಯುತ್ತದೆ, ಬೇಗ ಬರಬೇಕು ಅಷ್ಟೇ. ಗೇಟು ಮುಚ್ಚುವುದು 1:30ಕ್ಕೆ, ಇವರು 12:30ರೊಳಗೆ ಅಲ್ಲಿರುವುದು ಒಳ್ಳೆಯದು. ಹುಡುಗಿಯರನ್ನು ಮರೆಯಾದ ಜಾಗದಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡಬೇಕು. ಹಾಗಿಲ್ಲದಿದ್ದರೆ ಧೈರ್ಯವಾಗಿ ಕೇಳಿ, ಅದು ನಿಮ್ಮ ಹಕ್ಕು. ಆದರೆ ಕೆಇಎ ನೇಮಕಾತಿ ಪರೀಕ್ಷೆಗಳ ನಿಯಮ ಬೇರೆ, ಪ್ರವೇಶ ಪತ್ರ ಓದಿ.

ಚಳಿಗೆ ಸ್ವೆಟರ್ ಗೇಟಿನವರೆಗೂ ಇರಲಿ. ಆಮೇಲೆ ಅದನ್ನೂ ಕೊಡೆಯನ್ನೂ ಜೊತೆಗೆ ಬಂದವರಿಗೆ ಕೊಡಿ. ಕಾಲಿಗೆ ತೆಳು ಅಟ್ಟೆಯ ರಬ್ಬರ್ ಚಪ್ಪಲಿ ಸಾಕು, ಮಳೆಯಲ್ಲಿ ನೆನೆದರೂ ಬೇಗ ಒಣಗುತ್ತದೆ.