ಇಲಿ ಪಾಷಾಣದ ಬಗ್ಗೆ ಕೇಳಿದರೆ ಚಾಟ್‌ಬಾಟ್ ಉತ್ತರ ಕೊಡದಿದ್ದಾಗ

“‘ಎಷ್ಟು ಪಾಷಾಣ ಹಾಕಿದರೆ ಸಾಯುತ್ತೆ?’ ಅಂತ ಕೇಳಿದೆ. ಚಾಟ್‌ಬಾಟ್ ಸಹಾಯವಾಣಿ ನಂಬರ್ ಕೊಡ್ತು! ಸಿಂಧನೂರು ಹತ್ತಿರ ನಮ್ಮ ಭತ್ತದ ಗದ್ದೆಗೆ ಇಲಿ ಕಾಟ, ಅಷ್ಟೇ.”

ನೀವು ಬರೆದ ಸಾಲಿನಲ್ಲಿ ಇಲಿಯೇ ಇಲ್ಲ, ಅದೇ ಕಾರಣ ಇರಬೇಕು. ಮನೆಯವರಿಗಾದರೆ ಹೇಳದೆಯೂ ಗೊತ್ತಾಗುತ್ತೆ. ಚಾಟ್‌ಬಾಟ್‌ಗೆ ಕಾಣುವುದು ಪಾಷಾಣ, ಪ್ರಮಾಣ, ಸಾವು ಇಷ್ಟೇ. ಯಾರದೋ ಜೀವಕ್ಕೆ ಅಪಾಯ ಅಂದುಕೊಳ್ಳುತ್ತೆ.

ಮೊದಲು ಹೊಸ ಚಾಟ್ ತೆರೆಯಿರಿ. ಹಳೆಯದರಲ್ಲೇ ವಾದ ಮಾಡಿದರೆ ಆ ಮೊದಲ ಪ್ರಶ್ನೆಯನ್ನೂ ಅದು ಮತ್ತೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೆ. ಆಮೇಲೆ ಹೀಗೆ ಬರೆಯಿರಿ:

“ಭತ್ತದ ಗದ್ದೆಯ ಬದುಗಳಲ್ಲಿ ಇಲಿ ಬಿಲಗಳಿವೆ. ಜಿಂಕ್ ಫಾಸ್ಫೈಡ್ ತಂದಿದ್ದೇನೆ. ನುಚ್ಚಿಗೆ ಎಷ್ಟು ಬೆರೆಸಬೇಕು? ನಾಯಿ, ದನ, ಹಕ್ಕಿ ತಿನ್ನದಂತೆ ಎಲ್ಲಿ ಇಡಬೇಕು?”

ಸುಮ್ನೆ ‘ನಾನು ರೈತ, ನಂಬು’ ಅಂದರೆ ಸಾಲದು. ಬೆಳೆ, ಜಾಗ, ಔಷಧಿಯ ಹೆಸರು ಇದ್ದರೆ ಉದ್ದೇಶ ತಾನಾಗೇ ಕಾಣುತ್ತೆ. ಕೊನೆಯ ಪ್ರಶ್ನೆಯನ್ನಂತೂ ಬಿಡಬೇಡಿ, ಅದರ ಉತ್ತರ ನಿಮಗೂ ಬೇಕು ಅಲ್ವಾ?

ಆದರೂ ಒಪ್ಪದಿದ್ದರೆ, ಪದ ನೋಡಿಯೇ ತಡೆಯುವ ಬೇರೊಂದು ಫಿಲ್ಟರ್ ಇರಬಹುದು. ‘ಇಲಿ ನಿಯಂತ್ರಣ’ ಅಂತ ಬರೆದು ನೋಡಿ.

ಉತ್ತರ ಸಾಮಾನ್ಯವಾಗಿ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್ ಪುಡಿ ಅಂತ ಇರುತ್ತೆ. ಪೊಟ್ಟಣದ ಮೇಲೆ ಬೇರೆ ಇದ್ದರೆ ಪೊಟ್ಟಣದ್ದನ್ನೇ ಅನುಸರಿಸಿ.