ಎದುರು ಗೋಡೆಗೆ ಕಿಟಕಿ, ಆದರೆ ನೇರಕ್ಕಲ್ಲ

"ಕಲಬುರಗಿಯಲ್ಲಿ ಮನೆ. 10x12 ಅಡಿ ಕೋಣೆಗೆ ಪಶ್ಚಿಮದಲ್ಲಿ 4x4 ಅಡಿಯ ಸ್ಲೈಡಿಂಗ್ ಕಿಟಕಿ ಒಂದೇ ಇದೆ. ಪೂರ್ತಿ ತೆಗೆದರೂ ಗಾಳಿ ಬರಲ್ಲ. ಇನ್ನೊಂದು ಎಲ್ಲಿ ಇಡಿಸಲಿ?"

ಒಳಬಂದ ಗಾಳಿಗೆ ಹೊರಹೋಗಲು ದಾರಿಯಿಲ್ಲ, ಅದೇ ತೊಂದರೆ. ಪೂರ್ವದ ಗೋಡೆ ಹೊರಗೋಡೆಯಾಗಿದ್ದರೆ ಅಲ್ಲೇ ಇಡಿಸಿ, ಆದರೆ ಈಗಿನ ಕಿಟಕಿಗೆ ನೇರ ಎದುರಾಗಿ ಬೇಡ. ನೇರವಿದ್ದರೆ ಗಾಳಿ ಒಂದೇ ಪಟ್ಟಿಯಲ್ಲಿ ಹಾದುಹೋಗಿ ಮೂಲೆಯಲ್ಲಿರುವ ಮಂಚಕ್ಕೆ ತಾಗುವುದೇ ಇಲ್ಲ. ಓರೆಯಾಗಿ, ಎದುರಿನ ಮೂಲೆಯ ಕಡೆ ಇರಲಿ. ತಳ ನೆಲದಿಂದ ಎರಡು, ಎರಡೂವರೆ ಅಡಿಗಿದ್ದರೆ ಮಲಗಿದವರಿಗೂ ಗಾಳಿ ಸಿಗುತ್ತದೆ.

ಸ್ಲೈಡಿಂಗ್ ಮಾತ್ರ ಬೇಡ. ಎರಡು ಬಾಗಿಲಿನ ಸ್ಲೈಡಿಂಗ್‌ನಲ್ಲಿ ತೆರೆಯುವುದು ಅರ್ಧವೇ. ನಿಮ್ಮ 16 ಚದರಡಿಯಲ್ಲಿ ಸಿಗುವುದು 8. ಸೊಳ್ಳೆ ಜಾಲರಿ ಅದನ್ನೂ ತಗ್ಗಿಸುತ್ತದೆ. ಹೊರಕ್ಕೆ ತೆರೆಯುವ ಬಾಗಿಲಿನದು ಮಾಡಿಸಿ. ಗೋಡೆ ಒಡೆಯುವ ಮೊದಲು ಕೋಣೆಯ ಬಾಗಿಲು, ಅದರಾಚೆಯ ಕಿಟಕಿ ತೆರೆದು ಊದುಬತ್ತಿ ಹಿಡಿದು ನೋಡಿ. ಹೊಗೆ ಒಂದೇ ದಿಕ್ಕಿಗೆ ಎಳೆದುಕೊಂಡು ಹೋದರೆ ಬಾಗಿಲ ಮೇಲೊಂದು ವೆಂಟಿಲೇಟರ್ ಇಡಿಸಿದರೂ ಸಾಕಾಗಬಹುದು.

ಏಪ್ರಿಲ್, ಮೇನಲ್ಲಿ ಹಗಲು ಕಿಟಕಿ ತೆರೆದಿಟ್ಟರೆ ನಿಮ್ಮೂರಿನ 40 ಡಿಗ್ರಿಯ ಗಾಳಿಯೇ ಗೋಡೆಯನ್ನು ಕಾಯಿಸುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ, ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆ ತೆರೆದು ರಾತ್ರಿಯಿಡೀ ಬಿಡಿ. ಪಶ್ಚಿಮದ ಇಳಿಬಿಸಿಲನ್ನು ಸಜ್ಜಾ ತಡೆಯುವುದಿಲ್ಲ. ಬಿದಿರಿನ ಪರದೆಯನ್ನು ಗಾಜಿನ ಹೊರಗೆ ಕಟ್ಟಿ. ಒಳಗೆ ಕಟ್ಟಿದರೆ ಬಿಸಿ ಆಗಲೇ ಕೋಣೆ ಸೇರಿರುತ್ತದೆ.